ಮೈ ಐದರದು, ಮಾತು ಎರಡರದು

ಮೂರು ವರ್ಷದ ಮಗು ಐದರ ಎತ್ತರಕ್ಕೆ ಬೆಳೆದರೆ ನಮ್ಮವರು ದೃಷ್ಟಿ ತೆಗೆದು ಸಂತೋಷಪಡುವುದುಂಟು. ಆದರೆ ಆ ಮಗುವಿನ ತಲೆಯೂ ದೊಡ್ಡದಾಗಿ, ಹಣೆ ಅಗಲವಾಗಿ, ಗದ್ದ ಚೂಪಾಗಿದ್ದು, ಮಾತು ಮಾತ್ರ ಎರಡು ವರ್ಷದ ಕೂಸಿನಷ್ಟೇ ಇದ್ದರೆ ವೈದ್ಯರಿಗೆ ತೋರಿಸತಕ್ಕದ್ದು. 1964ರಲ್ಲಿ ಡಾಕ್ಟರ್ ಸೋಟೋಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಂಥ ಐದು ಮಕ್ಕಳನ್ನು ವರ್ಣಿಸಿದರು; ಈ ಸ್ಥಿತಿಗೆ ಅವರ ಹೆಸರೇ ನಿಂತಿದೆ.

ವೈದ್ಯರು ಎಡಗೈಯ ಎಕ್ಸ್‌ರೇ ತೆಗೆಸುತ್ತಾರೆ. ಮಣಿಕಟ್ಟಿನ ಎಲುಬುಗಳು ವಯಸ್ಸಿಗೆ ತಕ್ಕಂತೆ ಒಂದೊಂದಾಗಿ ಮೂಡುವುದರಿಂದ, ಅವನ್ನು ನೋಡಿ ಎಲುಬಿನ ವಯಸ್ಸು ಹೇಳಬಹುದು. ಈ ಮಗುವಿನ ಎಲುಬಿಗೆ ಐದು ವರ್ಷ ಎಂದು ಬಂದೀತು. ಅಕಾಲದಲ್ಲಿ ಮೈನೆರೆಯುವ ಮಕ್ಕಳಲ್ಲೂ ಹೀಗಾಗುವುದರಿಂದ ಅದೊಂದೇ ಸಾಲದು. ರಕ್ತಪರೀಕ್ಷೆಯಲ್ಲಿ ಎನ್‌ಎಸ್‌ಡಿ1 ಎಂಬ ಜೀನಿನ ದೋಷ ಸಿಕ್ಕರೆ ಖಚಿತವಾಯಿತು. ಈ ದೋಷ ಬಹುಮಟ್ಟಿಗೆ ಮಗುವಿನಲ್ಲೇ ಹೊಸದಾಗಿ ತಲೆದೋರುವಂಥದು. ತಾಯಿತಂದೆಯರ ತಪ್ಪೇನೂ ಇಲ್ಲ.

ಎಲುಬು ಬೇಗ ಬಲಿಯುವುದರಿಂದ ಬೆಳವಣಿಗೆಯೂ ಬೇಗ ನಿಲ್ಲುತ್ತದೆ. ಅನೇಕರು ದೊಡ್ಡವರಾದಾಗ ಎತ್ತರದಲ್ಲಿ ಎಲ್ಲರಂತೆಯೇ ಕಾಣುತ್ತಾರೆ. ಕಲಿಕೆಯ ತೊಡಕು ಮಾತ್ರ ಕೆಲವರಿಗೆ ಅಲ್ಪವಾಗಿಯೂ ಕೆಲವರಿಗೆ ಹೆಚ್ಚಾಗಿಯೂ ಉಳಿಯುತ್ತದೆ. ಆದುದರಿಂದ “ಇಷ್ಟು ದೊಡ್ಡವನಾಗಿ ಮಾತು ಬಾರದೇ?” ಎಂದು ಗದರಬಾರದು. ಅವನಿಗಿನ್ನೂ ಮೂರೇ ವರ್ಷವೆಂಬುದನ್ನು ನೆನಪಿನಲ್ಲಿಟ್ಟು, ಮಾತಿನ ತರಬೇತಿಯನ್ನು ಈಗಲೇ ಆರಂಭಿಸಬೇಕು.