ಬೇಡ ಎನ್ನುವ ಉಪ್ಪನ ಒಳಗೆ ಎಷ್ಟು ಪ್ರಶ್ನೆಗಳಿವೆ?

ಹಿಂದೂಪುರದಂಥ ಊರಿನಲ್ಲಿ ಅಂಗಡಿ ಇಟ್ಟುಕೊಂಡು ನೆಲೆಸಿದ ಬ್ಯಾರಿ ಮನೆಗಳಲ್ಲಿ ಈಗ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ. ಮಗ ಇಲ್ಲೇ ಹುಟ್ಟಿ ಬೆಳೆದವನು, ಮೆಚ್ಚಿದ ಹುಡುಗಿಯೂ ಈ ಕಡೆಯವಳೇ. ಉಪ್ಪ ಉಮ್ಮನಿಗೆ ಮಾತ್ರ ಸೊಸೆ ಮಂಗಳೂರು ಕಡೆಯಿಂದಲೇ ಬರಬೇಕು.

ನನ್ನ ಸ್ನೇಹಿತನೊಬ್ಬ ಮೆಚ್ಚಿದ್ದು ಕಲ್ಯಾಣದುರ್ಗದ ಹುಡುಗಿಯನ್ನು. ಮನೆಮಾತು ಉರ್ದು, ಹನಫಿ ಮದ್‌ಹಬ್. ಇವನ ಉಪ್ಪ ಒಂದೇ ಮಾತಿನಲ್ಲಿ "ಆಗುವುದಿಲ್ಲ" ಎಂದರು. ಅವನು ವಾದಕ್ಕೆ ಇಳಿಯಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಉಮ್ಮನ ಹತ್ತಿರ ಕೂತು, "ಉಪ್ಪನಿಗೆ ಯಾವುದರ ಭಯ?" ಎಂದಷ್ಟೇ ಕೇಳಿದ. ಆ ಒಂದು "ಆಗುವುದಿಲ್ಲ"ದ ಒಳಗೆ ಮೂರು ಪ್ರಶ್ನೆಗಳಿದ್ದವು: ನಮ್ಮದು ಶಾಫಿ, ನಿಕಾಹ್ ಸರಿಯಾಗುತ್ತದೆಯೇ? ಅವರ ಮನೆತನ ಎಂಥದ್ದು, ಯಾರಿಗೆ ಗೊತ್ತು? ಬ್ಯಾರಿ ಬಾರದ ಸೊಸೆಯೊಡನೆ ನಾನು ಮಾತಾಡುವುದು ಹೇಗೆ?

ಮೂರಕ್ಕೂ ಒಬ್ಬನೇ ಉತ್ತರ ಕೊಡಲು ಹೋದರೆ ಕೆಡುತ್ತದೆ. ದೀನಿನ ವಿಷಯದಲ್ಲಿ ಮಗನ ಮಾತಿಗೆ ತೂಕವಿಲ್ಲ, ಅದನ್ನು ಉಪ್ಪ ನಂಬುವ ಉಸ್ತಾದರೇ ಹೇಳಬೇಕು. ಅವರು ಹೇಳಿದ್ದು ಸರಳ: ಎರಡೂ ಸುನ್ನಿ ಮದ್‌ಹಬ್‌ಗಳೇ, ನಿಕಾಹ್‌ಗೆ ತಡೆಯಿಲ್ಲ. ಶಾಫಿಯಲ್ಲಿ ಹುಡುಗಿಯ ವಲಿ ಇರಲೇಬೇಕು. ಅವಳ ತಂದೆಯೇ ಇಬ್ಬರು ಸಾಕ್ಷಿಗಳ ಮುಂದೆ ನಿಕಾಹ್ ಮಾಡಿಕೊಟ್ಟರೆ ಹನಫಿಯವರಿಗೂ ಅದು ಸರಿಯೇ.

ಮನೆತನದ ವಿಚಾರಣೆಯನ್ನು ಉಪ್ಪನಿಗೇ ಬಿಟ್ಟ. ಅವರು ಕಲ್ಯಾಣದುರ್ಗದ ಪರಿಚಯದ ವ್ಯಾಪಾರಿಗಳಿಂದ ತಾವೇ ಕೇಳಿ ತಿಳಿದುಕೊಂಡರು. ಮಗ ತಂದ ಸುದ್ದಿ ವಕಾಲತ್ತು ಎನಿಸುತ್ತದೆ, ತಾನೇ ವಿಚಾರಿಸಿದ್ದು ತನ್ನ ತೀರ್ಮಾನವಾಗುತ್ತದೆ. ಆದರೆ ಇದರಲ್ಲಿ ಒಂದು ಷರತ್ತಿದೆ: ವಿಚಾರಣೆಯಲ್ಲಿ ನಿಜವಾದ ದೋಷ ಕಂಡರೆ ಮಗನೂ ಕಿವಿಗೊಡಬೇಕು.

ಭಾಷೆಯ ಭಯ ಉಮ್ಮನದು. ಗಡಿಯ ಊರಾದ್ದರಿಂದ ಹುಡುಗಿಗೆ ಕನ್ನಡ ಬರುತ್ತಿತ್ತು. ಎರಡು ಸಲ ಫೋನಿನಲ್ಲಿ ಮಾತಾಡಿದ ಮೇಲೆ ಉಮ್ಮ, "ಅವಳಿಗೆ ಮೀನು ಸಾರು ಮಾಡಲು ಬರುತ್ತದಾ?" ಎಂದು ಕೇಳಿದರು. ಮಾತು ದಾರಿಗೆ ಬಂದಿದೆ ಎಂದು ತಿಳಿಯುವುದೇ ಹೀಗೆ: "ಬೇಡ" ಎನ್ನುತ್ತಿದ್ದವರು ವಿವರ ಕೇಳತೊಡಗುತ್ತಾರೆ. ದಿನಕ್ಕೊಂದು ಹೊಸ ಕಾರಣ ಹುಟ್ಟುತ್ತಿದ್ದರೆ ನಿಜವಾದ ಕಾರಣ ಇನ್ನೂ ಹೊರಗೆ ಬಂದಿಲ್ಲ. ಎಷ್ಟೋ ಸಲ ಅದು "ಊರಲ್ಲಿ ಕುಟುಂಬದವರು ಏನೆನ್ನುತ್ತಾರೆ" ಎಂಬುದೇ ಆಗಿರುತ್ತದೆ. ಅದಕ್ಕೆ ಮಗನಿಗಿಂತ ಉಮ್ಮನ ಅಣ್ಣನೋ ದೊಡ್ಡಪ್ಪನೋ ಮಾತಾಡುವುದು ಮೇಲು.

ಕೆಡಿಸುವುದು ಒಂದೇ ಮಾತು: "ಒಪ್ಪದಿದ್ದರೆ ರಿಜಿಸ್ಟರ್ ಮಾಡಿಕೊಳ್ಳುತ್ತೇವೆ." ವಯಸ್ಕರಿಗೆ ಆ ಹಕ್ಕು ಇದೆ, 2018ರ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಹಕ್ಕನ್ನು ಬೆದರಿಕೆಯಾಗಿ ಮುಂದಿಟ್ಟ ಕ್ಷಣ ಉಪ್ಪನಿಗೆ ಹುಡುಗಿಯ ವಿಷಯ ಮರೆತುಹೋಗಿ, ತನ್ನ ಮಾತಿನ ಮರ್ಯಾದೆಯೊಂದೇ ಉಳಿಯುತ್ತದೆ.

ಹೆಣ್ಣುಮಕ್ಕಳು ಇದೇ ಮಾತನ್ನು ಎತ್ತಿದಾಗ ನಮ್ಮ ಮನೆಗಳು ಇಷ್ಟು ಸಹನೆ ತೋರುವುದಿಲ್ಲ. ವಿಚಾರಿಸುವ ಅವಕಾಶವನ್ನೇ ಕೊಡದೆ ಅವಸರದಲ್ಲಿ ಬೇರೆ ಕಡೆ ಗೊತ್ತು ಮಾಡುತ್ತಾರೆ. ಮಗನಿಗಾಗಿ ಉಸ್ತಾದರನ್ನು ಕೇಳಿದ ಉಪ್ಪ ಮಗಳಿಗಾಗಿಯೂ ಕೇಳಲಿ.