ಹತ್ತು ನಿಮಿಷಕ್ಕೆ ಒಂದು ಮುರಿದ ಕಂಬ ಸಾಕು

ಸಮಾಜಶಾಸ್ತ್ರವನ್ನೋ ಧರ್ಮಗಳ ಅಧ್ಯಯನವನ್ನೋ ಓದುವ ಮಕ್ಕಳಿಗೆ ಎಂದಾದರೂ ಒಂದು ದಿನ ಈ ಸೆಮಿನಾರ್ ವಿಷಯ ಬಂದೇ ಬರುತ್ತದೆ: ಪವಿತ್ರ ಸ್ಥಳ ಮತ್ತು ಲೌಕಿಕ ಸ್ಥಳ, ವಿದ್ವಾಂಸರು ಈ ಭೇದವನ್ನು ಬಳಸಿಕೊಂಡ ಬಗೆ. ಸಮಯ ಹತ್ತು ನಿಮಿಷ. ಪುಣೆಯಲ್ಲಿ ಎಂ.ಎ. ಓದುತ್ತಿರುವ ಅಕ್ಕನ ಮಗಳು ತನ್ನ ರೂಪುರೇಷೆಯನ್ನು ನನಗೆ ಕಳಿಸಿದ್ದಳು. ಎಂಟು ಸ್ಲೈಡು, ಎಂಟು ವಿದ್ವಾಂಸರು. ತಲೆಗೆ 75 ಸೆಕೆಂಡು. ತರಗತಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರಂತೆ, ಅಂಕವೂ ಬರುತ್ತದಂತೆ. ನನ್ನ ಜಗಳ ಈ ಪದ್ಧತಿಯೊಂದಿಗೆ. ಯಾರು ಏನು ಹೇಳಿದರು ಎಂಬ ಪಟ್ಟಿಯಿಂದ ಈ ಭೇದ ಎಷ್ಟು ಅಪಾಯದ್ದು ಎನ್ನುವುದು ತಿಳಿಯುವುದಿಲ್ಲ. ಒಂದೇ ಒಂದು ವಾಗ್ವಾದವನ್ನು ಹಿಡಿದು ಕೊನೆಯವರೆಗೆ ಹೋದರೆ ತಿಳಿಯುತ್ತದೆ.

ಮೊದಲ ಒಂದೂವರೆ ನಿಮಿಷ ಪದಕ್ಕೆ ಕೊಡಬೇಕು, ಏಕೆಂದರೆ ಕನ್ನಡದಲ್ಲಿ ಎಡವುವುದು ಇಲ್ಲೇ. 'ಪ್ರೊಫೇನ್' ಎನ್ನುವುದನ್ನು ಹಲವರು 'ಅಪವಿತ್ರ' ಎಂದು ಬರೆಯುತ್ತಾರೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ 'ಗುಡಿಯ ಮುಂದೆ', ಅಂದರೆ ಗುಡಿಯ ಹೊರಗೆ ಇರುವುದು ಎಂದಷ್ಟೇ. ಕೊಳೆ, ಹೊಲಸು ಎಂಬ ಭಾವ ಅದರಲ್ಲಿಲ್ಲ. ಈ ವ್ಯತ್ಯಾಸ ನಮಗೆ ಹೊಸದೇನಲ್ಲ. ಮಲೆನಾಡಿನ ಹವ್ಯಕರ ನಡುವೆ ಕೆಲಸ ಮಾಡಿದ ಎಡ್ವರ್ಡ್ ಹಾರ್ಪರ್ 1964ರಲ್ಲಿ ಬರೆದ ಲೇಖನದಲ್ಲಿ ಎರಡಲ್ಲ, ಮೂರು ಸ್ಥಿತಿಗಳನ್ನು ಗುರುತಿಸಿದ: ಮಡಿ, ಮೈಲಿಗೆ, ಮುಟ್ಟುಚಟ್ಟು. ದಿನದ ಬಹುಪಾಲು ಮನುಷ್ಯ ಇರುವುದು ಮಧ್ಯದ ಮೈಲಿಗೆಯಲ್ಲಿ. ಅದು ಸಹಜ ಸ್ಥಿತಿ. ನಮ್ಮ ಅಜ್ಜಿಯರಿಗೆ ಮೂರು ಮನೆಗಳಿದ್ದ ಲೆಕ್ಕವನ್ನು ಎರಡೇ ಮನೆಗಳಿಗೆ ಇಳಿಸಿ, ಎರಡನೆಯದಕ್ಕೆ ಹೊಲಸು ಎಂದು ಹೆಸರಿಡುವುದು ಅನುವಾದವಲ್ಲ.

ಆಮೇಲಿನ ಒಂದು ನಿಮಿಷ ಎಮಿಲ್ ಡರ್ಖೈಮ್‌ಗೆ. ಸಮಾಜ ಕೆಲವನ್ನು ಬೇರ್ಪಡಿಸಿ, ಮುಟ್ಟಬಾರದೆಂದು ನಿಷೇಧಿಸುತ್ತದೆ, ಪವಿತ್ರವೆಂದರೆ ಅದೇ ಎಂದು 1912ರಲ್ಲಿ ಆತ ವಾದಿಸಿದ. ಅಲ್ಲಿ ಗೆರೆ ಎಳೆಯುವುದು ಸಮಾಜ. ಇದನ್ನು ಹೇಳಿ ಮುಂದೆ ಸಾಗಿ.

ಈಗ ನಿಜವಾದ ಕಥೆ. ಇದಕ್ಕೆ ನಾಲ್ಕೂವರೆ ನಿಮಿಷ ಬೇಕು. ಮಧ್ಯ ಆಸ್ಟ್ರೇಲಿಯಾದ ಅರುಂಟಾ ಜನರ ಬಗ್ಗೆ ಇಬ್ಬರು ಬರೆದಿಟ್ಟ ವರದಿಗಳಿವೆ. ಒಬ್ಬ ಜೀವಶಾಸ್ತ್ರದ ಪ್ರೊಫೆಸರ್ ಬಾಲ್ಡ್ವಿನ್ ಸ್ಪೆನ್ಸರ್, ಇನ್ನೊಬ್ಬ ತಂತಿ ಕಚೇರಿಯ ಅಧಿಕಾರಿ ಫ್ರಾನ್ಸಿಸ್ ಗಿಲೆನ್. ಇವರ ವರದಿಯಿಂದ ಮಿರ್ಚಾ ಎಲಿಯಾದೆ ಒಂದು ಕಂಬದ ಕಥೆ ಎತ್ತಿಕೊಂಡು, 1957ರಲ್ಲಿ ಬಂದ 'ಪವಿತ್ರ ಮತ್ತು ಲೌಕಿಕ' ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ಹೀಗೆ ಹೇಳುತ್ತಾನೆ. ನುಂಬಕುಲ ಎಂಬ ದೈವ ಮರದ ಕಾಂಡದಿಂದ ಕಂಬ ಮಾಡಿ, ಅದಕ್ಕೆ ರಕ್ತ ಸವರಿ, ಅದನ್ನೇರಿ ಆಕಾಶದಲ್ಲಿ ಮರೆಯಾದ. ಅಚಿಲ್ಪಾ ಗುಂಪಿನವರು ಆ ಕಂಬವನ್ನು ಹೋದಲ್ಲೆಲ್ಲ ಹೊತ್ತೊಯ್ದರು. ಅದು ಅವರ ಜಗತ್ತಿನ ಅಚ್ಚು, ಸ್ವರ್ಗಕ್ಕೆ ಕೊಂಡಿ. ಒಮ್ಮೆ ಕಂಬ ಮುರಿಯಿತು. ದಿಕ್ಕೆಟ್ಟು ಅಲೆದರು, ಕೊನೆಗೆ ನೆಲದ ಮೇಲೆ ಮಲಗಿ ಸಾವಿಗೆ ಕಾದರು. ಎಲಿಯಾದೆಯ ತೀರ್ಮಾನ: ಪವಿತ್ರವಾದ ಕೇಂದ್ರವಿಲ್ಲದೆ ಮನುಷ್ಯ ಬದುಕಲಾರ, ಕೇಂದ್ರ ತಾನಾಗಿ ಪ್ರಕಟವಾಗುತ್ತದೆ, ಮನುಷ್ಯ ಅದನ್ನು ಗುರುತಿಸುತ್ತಾನೆ ಅಷ್ಟೆ.

ಕೇಳಲು ರೋಮಾಂಚನವಾಗುತ್ತದೆ, ಹಾಗಾಗಿಯೇ ಎಲ್ಲರ ಸ್ಲೈಡಿನಲ್ಲೂ ಇದೆ. ಜೊನಾಥನ್ ಸ್ಮಿತ್ ಎಂಬ ಷಿಕಾಗೋದ ವಿದ್ವಾಂಸ ಮಾಡಿದ್ದು ತೀರ ಸಾಮಾನ್ಯ ಕೆಲಸ: ಮೂಲ ವರದಿಗಳನ್ನು ತೆಗೆದು ಓದಿದ. ಅವನ ವಿಮರ್ಶೆ 1987ರ ಪುಸ್ತಕದಲ್ಲಿದೆ. ಆಕಾಶಕ್ಕೇರಿದ ದೈವದ ಕಂಬ ಒಂದು ಕಥೆ, ಮುರಿದ ಕಂಬ ಇನ್ನೊಂದು ಕಥೆ. ಹೊಲಿಗೆ ಹಾಕಿದ್ದು ಎಲಿಯಾದೆ. ದೈವದ ಕಥೆ ಬರುವುದು 1927ರ ವರದಿಯಲ್ಲಿ. ಅದರ ಮೇಲೆ ಕ್ರೈಸ್ತ ಮಿಷನ್ನಿನ ನೆರಳಿರಬಹುದೆಂಬುದು ಸ್ಮಿತ್‌ನ ಶಂಕೆ. ಮುರಿದ ಕಂಬದ ಕಥೆ ಅದಕ್ಕೂ ಹಿಂದಿನ 1899ರ ಪುಸ್ತಕದಲ್ಲೇ ಇದೆ, ಮತ್ತು ಅದು ಪೂರ್ವಜರ ದೀರ್ಘ ಪ್ರಯಾಣದ ಒಂದು ತಂಗುದಾಣದ ಘಟನೆ. ಕಂಬ ಕೀಳುವಾಗ ಕೈತಪ್ಪಿ ಮುರಿಯುತ್ತದೆ. ಮುರಿದದ್ದನ್ನೇ ಹೊತ್ತು ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿ ಇನ್ನೊಂದು ಗುಂಪು ಸಿಗುತ್ತದೆ. ಇವರಿಗೆ ಆಯಾಸ, ಬೇಸರ. ಮಲಗಿ ಪ್ರಾಣ ಬಿಡುತ್ತಾರೆ. ಅವರು ಸತ್ತಲ್ಲಿ ಕಲ್ಲುಗಳ ಗುಡ್ಡ ಏಳುತ್ತದೆ.

ಈ ಕೊನೆಯ ಸಾಲನ್ನು ಎಲಿಯಾದೆ ಬಿಟ್ಟದ್ದೇ ದೊಡ್ಡ ವಿಷಯ. ಆ ಜನರ ಕಥೆಗಳಲ್ಲಿ ಪೂರ್ವಜರು ಹುಟ್ಟಿ, ನಡೆದು, ಕೊನೆಗೆ ಬಂಡೆಯೋ ಗುಡ್ಡವೋ ಆಗುವುದು ದಿನನಿತ್ಯದ ಮಾದರಿ. ಅದು ಜಗತ್ತಿನ ಪ್ರಳಯವಲ್ಲ, ಒಂದು ಜಾಗ ಜಾಗವಾದ ಬಗೆ. ಕೇಂದ್ರ ಸ್ವರ್ಗದಿಂದ ಇಳಿಯಲಿಲ್ಲ; ಯಾರೋ ನಡೆದರು, ಯಾರೋ ಸತ್ತರು, ಉಳಿದವರು ನೆನಪಿಟ್ಟುಕೊಂಡರು. ಜಾಗವನ್ನು ಪವಿತ್ರವಾಗಿಸುವುದು ಆಚರಣೆ ಮತ್ತು ಗಮನ ಎಂಬ ಸ್ಮಿತ್‌ನ ವಾದಕ್ಕೆ ಇದು ಬುನಾದಿ.

ಇದು ನಮಗೇಕೆ ಮುಖ್ಯ? ಈ ಪ್ರಶ್ನೆಗೆ ಎರಡು ನಿಮಿಷ, ಒಂದು ಉದಾಹರಣೆ. 1924ರ ಮಾರ್ಚಿನಲ್ಲಿ ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಒಳಗೆ ಹೋಗಲು ಅಲ್ಲ, ಸುತ್ತಲಿನ ರಸ್ತೆಗಳಲ್ಲಿ ನಡೆಯಲು. ಈಳವರಿಗೆ, ಪುಲಯರಿಗೆ ಅಲ್ಲಿ ನಿಷೇಧ. ಕ್ರೈಸ್ತರು, ಮುಸ್ಲಿಮರು ಓಡಾಡಬಹುದಿತ್ತು. ರಸ್ತೆ ಅಕ್ಷರಶಃ ಗುಡಿಯ ಮುಂದಿನ ಜಾಗ. ಗಾಂಧೀಜಿ 1925ರಲ್ಲಿ ಬಂದು ಮಾತುಕತೆ ನಡೆಸಿದರು. ಆ ವರ್ಷ ಮುಗಿಯುವ ಹೊತ್ತಿಗೆ ಮೂರು ದಿಕ್ಕಿನ ರಸ್ತೆಗಳು ಎಲ್ಲರಿಗೂ ತೆರೆದುಕೊಂಡವು, ಪೂರ್ವದ್ದು ಮುಚ್ಚಿಯೇ ಉಳಿಯಿತು. 1936ರಲ್ಲಿ ಮಹಾರಾಜರ ಘೋಷಣೆ ಬಂದು ದೇವಸ್ಥಾನಗಳೇ ತೆರೆದವು. ಪವಿತ್ರತೆ ತಾನಾಗಿ ಪ್ರಕಟವಾಗುವುದಾದರೆ ಅದು ಸಂಧಾನದ ಮೇಜಿನ ಮೇಲೆ ಮುಕ್ಕಾಲು ಪಾಲು ಹಿಂದೆ ಸರಿದದ್ದು ಹೇಗೆ? ಎಲಿಯಾದೆಯ ವಾಕ್ಯಗಳಲ್ಲಿ ಗೆರೆ ಎಳೆದವರ ಹೆಸರೇ ಇರುವುದಿಲ್ಲ. ನಮ್ಮ ದೇಶದಲ್ಲಿ ಅಂಥ ವಾಕ್ಯವನ್ನು ಪ್ರಶ್ನಿಸದೆ ಸ್ಲೈಡಿಗೆ ಹಾಕುವುದೆಂದರೆ ಗೆರೆ ಎಳೆದವರನ್ನು ಸದ್ದಿಲ್ಲದೆ ಬಿಡುಗಡೆ ಮಾಡುವುದು. ರೂಪುರೇಷೆ ತಿದ್ದುವಾಗ ಹಾಗಾಗಿ ಇಷ್ಟು ನೋಡಿ: 'ಪವಿತ್ರವಾಯಿತು', 'ಪ್ರಕಟವಾಯಿತು' ಎಂಬಂಥ ಕ್ರಿಯಾಪದ ಸಿಕ್ಕಿದಲ್ಲೆಲ್ಲ ಮಾಡಿದವರು ಯಾರು ಎಂದು ಅಂಚಿನಲ್ಲಿ ಬರೆಯಿರಿ. ಉತ್ತರವಿಲ್ಲದ ಸಾಲನ್ನು ಎಲಿಯಾದೆಯ ಅಭಿಪ್ರಾಯ ಎಂದು ಹೇಳಿ, ನಿಮ್ಮದೆಂದು ಬೇಡ.

ಉಳಿದ ಒಂದು ನಿಮಿಷವನ್ನು ಖಾಲಿ ಇಡಿ. ಯಾರಾದರೂ ಏಳುತ್ತಾರೆ: ಹಾಗಾದರೆ ಎಲಿಯಾದೆ ಪೂರ್ತಿ ತಪ್ಪೇ? ಅಲ್ಲ ಎನ್ನಿ. ಗರ್ಭಗುಡಿಯ ಮುಂದೆ ನಿಂತ ಭಕ್ತನಿಗೆ ಜಾಗದ ಅನುಭವ ಹೇಗಿರುತ್ತದೆ ಎನ್ನುವುದಕ್ಕೆ ಅವನ ಮಾತು ಇಂದಿಗೂ ಹತ್ತಿರದ ವರ್ಣನೆ. ಆ ಜಾಗ ಹಾಗಾದದ್ದೇಕೆ ಎನ್ನುವುದಕ್ಕೆ ಅದು ಕಾರಣವಲ್ಲ. ಸ್ಮಿತ್‌ಗೂ ಮಿತಿಯಿದೆ. ಆತ ಕೆಲಸ ಮಾಡಿದ್ದು ಪುಸ್ತಕಗಳ ಮೇಲೆ, ಅದೂ ಆ ಪ್ರೊಫೆಸರ್ ಮತ್ತು ತಂತಿ ಅಧಿಕಾರಿ ಬರೆದದ್ದರ ಮೇಲೆ. ಆ ಗುಡ್ಡದ ಕಲ್ಲುಗಳ ನಡುವೆ ಬೆಳೆದವರ ಮಾತು ಇಬ್ಬರ ಪುಟಗಳಲ್ಲೂ ಎರಡನೆಯ ಕೈಯಿಂದಲೇ ಬಂದದ್ದು.