ಊದಿದ ಕಾಲಿಗೆ ಯಾವ ಸೈಜು ಸ್ವಾಮಿ?

"ಶೂ ಕೊಟ್ಟಿದ್ದೀವಿ, ಅವರೇ ಹಾಕ್ಕೊಳ್ಳಲ್ಲ." ಪೌರಕಾರ್ಮಿಕರ ಬಗ್ಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಯಾಕೆ ಹಾಕ್ಕೊಳ್ಳಲ್ಲ ಅಂತ ಯಾವತ್ತಾದ್ರೂ ಅವರ ಕಾಲು ನೋಡಿದ್ದೀರಾ?

ಯಲಹಂಕದಲ್ಲೋ ಹೆಬ್ಬಾಳದಲ್ಲೋ ಬೆಳಗ್ಗೆ ಪೊರಕೆ ಹಿಡಿದ ಅಕ್ಕನ ಪಾದ ಮಧ್ಯಾಹ್ನಕ್ಕೆ ಅದೇ ಅಳತೆಯಲ್ಲಿ ಇರಲ್ಲ. ಗಂಟೆಗಟ್ಟಲೆ ಕಾಲ ಮೇಲೇ ಇದ್ದರೆ ರಕ್ತನಾಳದಿಂದ ನೀರು ಜಿನುಗಿ ಹರಡಿನ ಸುತ್ತ ಸೇರುತ್ತೆ. ಬೆರಳಿಂದ ಒತ್ತಿ ಹಿಡಿದು ಬಿಟ್ಟರೆ ಗುಳಿ ಹಾಗೇ ಉಳಿಯುತ್ತೆ. ಬಿಪಿ ಮಾತ್ರೆಗಳಲ್ಲಿ ಕೆಲವು, ಕಿಡ್ನಿ, ಹೃದಯದ ತೊಂದರೆ ಇದ್ದರೂ ಹೀಗೇ ಆಗುತ್ತೆ.

ಇಲ್ಲಿ ಪಾದದ ಉದ್ದ ಹೆಚ್ಚಲ್ಲ, ಸುತ್ತಳತೆ ಹೆಚ್ಚುತ್ತೆ. ಬೆಳಗ್ಗೆ ಪಾದದ ಮೇಲ್ಭಾಗದ ಸುತ್ತಳತೆ 23 ಸೆಂ.ಮೀ. ಇದ್ದದ್ದು ಮಧ್ಯಾಹ್ನ 24.5 ಆಯ್ತು ಅಂದುಕೊಳ್ಳಿ. ಆರನೇ ನಂಬರ್ ಶೂ ಕಚ್ಚುತ್ತೆ, ಬರೆ ಮೂಡಿಸುತ್ತೆ. ಏಳನೇ ನಂಬರ್ ಕೊಟ್ಟರೆ ಹಿಮ್ಮಡಿ ಜಾರುತ್ತೆ, ಎಡವಿ ಬೀಳ್ತಾಳೆ. ಕೊನೆಗೆ ಹವಾಯಿ ಚಪ್ಪಲಿ. ಗಾಜಿನ ಚೂರು, ಸೂಜಿ ಬಿದ್ದಿರೋ ಕಸದ ಮುಂದೆ ಹವಾಯಿ ಚಪ್ಪಲಿ! ತಪ್ಪು ಯಾರದು?

ಪರಿಹಾರ ದೊಡ್ಡ ವಿಜ್ಞಾನವೇನಲ್ಲ. ಬಾಯಿ ಅಗಲವಾಗಿ ತೆರೆಯಬೇಕು. ಬೇರೆ ಬೇರೆಯಾಗಿ ಬಿಗಿ ಸಡಿಲ ಮಾಡಬಹುದಾದ ಎರಡು ವೆಲ್ಕ್ರೋ ಪಟ್ಟಿ ಬೇಕು, ಊದಿದ ಹೊತ್ತಲ್ಲೂ ಸಾಲುವಷ್ಟು ಉದ್ದ ಇರಬೇಕು. ಹಿಗ್ಗೋ ಬಟ್ಟೆ ಪಾದದ ಮೇಲ್ಭಾಗಕ್ಕೆ ಮಾತ್ರ ಇರಲಿ. ಅದು ಸೂಜಿ ತಡೆಯಲ್ಲ. ಆದ್ದರಿಂದ ಅಟ್ಟೆ, ಮುಂಭಾಗ, ಪಕ್ಕ ಗಟ್ಟಿಯಾಗಿರಲೇಬೇಕು. ವೆಲ್ಕ್ರೋದಲ್ಲಿ ಧೂಳು ಕೂದಲು ತುಂಬಿದರೆ ಹಿಡಿಯಲ್ಲ, ಹಳೇ ಬ್ರಷ್‌ನಲ್ಲಿ ಉಜ್ಜಬೇಕು, ಸವೆದರೆ ಪಟ್ಟಿ ಬದಲಿಸಿಕೊಡಬೇಕು. ಶುಗರ್‌ನಿಂದ ಕಾಲು ಜೋಮು ಹಿಡಿದವರಿಗೆ ಬಿಗಿಯಾದದ್ದೇ ತಿಳಿಯಲ್ಲ, ದಿನಾ ಕಾಲು ನೋಡಿಕೊಳ್ಳಬೇಕು.

ಅಳತೆ ತಗೊಳ್ಳೋದು ಯಾವಾಗ? ಕೆಲಸ ಮುಗಿದ ಮೇಲೆ, ನಿಲ್ಲಿಸಿ, ಎರಡೂ ಕಾಲಿಗೆ, ಸುತ್ತಳತೆ ಸಮೇತ. ಬೆಳಗ್ಗೆ ಹಾಜರಿ ಹೊತ್ತಲ್ಲಿ ನಂಬರ್ ಬರೆದುಕೊಂಡರೆ ಅದು ಅಳತೆ ಅಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮ ಕಸ ಮುಟ್ಟೋ ಕೆಲಸಗಾರರಿಗೆ "ಸೂಕ್ತ" ಪಾದರಕ್ಷೆ ಕೊಡಬೇಕು ಅಂತ ಹೇಳಿತು. ಕಾಲಿಗೆ ಹತ್ತದ್ದು ಸೂಕ್ತ ಹೇಗಾಗುತ್ತೆ? ಊರಿಗೆಲ್ಲ ಚಪ್ಪಲಿ ಹೊಲಿದು, ಮೇಲ್ಜಾತಿ ಬೀದೀಲಿ ಅದನ್ನ ಕೈಲಿ ಹಿಡಿದು ನಡೆದವರು ನಮ್ಮಜ್ಜಂದಿರು. ಇವತ್ತು ಚರ್ಮ ಕುಶಲಕರ್ಮಿಗಳಿಗಂತ ಸರ್ಕಾರದ್ದೇ ಲಿಡ್ಕರ್ ಇದೆ. ಪೊರಕೆ ಹಿಡಿದ ನಮ್ಮ ಹೆಣ್ಮಕ್ಕಳ ಕಾಲಿಗೆ ತಕ್ಕ ಶೂ ಅಲ್ಲೇ ಯಾಕೆ ಮಾಡಿಸಬಾರದು?

ಇನ್ನೊಂದು ಮಾತು. ಶೂ ಊತ ಇಳಿಸಲ್ಲ, ಊದಿದ ಕಾಲನ್ನ ಕಾಪಾಡುತ್ತೆ ಅಷ್ಟೇ. ಕೂತು ಕಾಲು ಮೇಲಿಡೋಕೆ ವಾರ್ಡಿನಲ್ಲಿ ಜಾಗ ಬೇಕು. ಒಂದೇ ಕಾಲು ದಿಢೀರಂತ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಹಾಜರಿ ಕಟ್ ಮಾಡದೆ ತಕ್ಷಣ ಆಸ್ಪತ್ರೆಗೆ ಕಳಿಸಬೇಕು.

ಮುಂದಿನ ಟೆಂಡರ್‌ನಲ್ಲಿ ಸುತ್ತಳತೆಯ ಕಾಲಂ ಸೇರಿಸಿ. ಅಲ್ಲೀವರೆಗೂ "ಹಾಕ್ಕೊಳ್ಳಲ್ಲ" ಅನ್ನೋ ಮಾತು ಬಾಯಿಗೆ ತರಬೇಡಿ.

ಜೈ ಭೀಮ್.